ಓದು ತೊಡರುವ ಮಕ್ಕಳು: ತೊಡಕು ಕಣ್ಣಿನದಲ್ಲ, ದನಿಯದು

‘ಶಕ್ತಿ’ ಎಂಬ ಪದವನ್ನು ಒಮ್ಮೆ ಬರೆದು ನೋಡಿ. ‘ಇ’ಕಾರದ ಗುಡಿಸು ಕೂತಿರುವುದು ‘ಕ’ದ ಮೇಲೆ. ಆದರೆ ಬಾಯಲ್ಲಿ ಅದು ಬರುವುದು ಕೆಳಗಿನ ‘ತ’ಕಾರ ಮುಗಿದ ಮೇಲೆ. ‘ಸೂರ್ಯ’ದಲ್ಲಿ ಇನ್ನೂ ವಿಚಿತ್ರ: ‘ಯ’ಕಾರಕ್ಕೆ ಮೊದಲು ಉಚ್ಚರಿಸುವ ‘ರ’ಕಾರವನ್ನು ಅರ್ಕಾವತ್ತಾಗಿ ಅದರ ನಂತರ ಬರೆಯುತ್ತೇವೆ. ಓದು ಬಲ್ಲವರಿಗೆ ಇದು ಗಮನಕ್ಕೇ ಬರುವುದಿಲ್ಲ. ಪದವನ್ನು ಬಿಡಿ ದನಿಗಳಾಗಿ ಒಡೆದು, ಮರುಜೋಡಿಸಿ ಹೇಳುವ ಕೆಲಸ ನಮ್ಮೊಳಗೆ ತಾನಾಗಿಯೇ ನಡೆದುಹೋಗುತ್ತದೆ. ಡಿಸ್ಲೆಕ್ಸಿಯಾ ಇರುವ ಬಹುಪಾಲು ಮಕ್ಕಳು ಎಡವುವುದು ಇಲ್ಲಿಯೇ. ಅಕ್ಷರ ತಿರುಗುಮುರುಗಾಗಿ ಕಾಣುವ ಕಣ್ಣಿನ ದೋಷ ಇದೆಂಬ ನಂಬಿಕೆ ಇನ್ನೂ ಹೋಗಿಲ್ಲ, ಅದು ತಪ್ಪು.

ಮೂರನೇ ತರಗತಿಯ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಮಾತಿನಲ್ಲಿ ಚುರುಕು, ಕತೆ ಹೇಳಿದರೆ ಪ್ರಶ್ನೆ ಕೇಳುತ್ತಾನೆ, ಬಾಯಿಲೆಕ್ಕ ಸಲೀಸು. ‘ಮರ’, ‘ಬಸವ’ ಓದುತ್ತಾನೆ. ‘ಶಕ್ತಿ’ಯನ್ನು ‘ಶಕಿತ’ ಎನ್ನುತ್ತಾನೆ, ‘ಕೆಲಸ’ವನ್ನು ‘ಕಲಸು’ ಎಂದು ಊಹಿಸಿಬಿಡುತ್ತಾನೆ. ಉಕ್ತಲೇಖನದಲ್ಲಿ ಒತ್ತಕ್ಷರಗಳು ಉದುರಿಹೋಗುತ್ತವೆ. ಆದರೆ ಹಳೆಯ ಪಾಠವನ್ನು ಮಾತ್ರ ಗಡಗಡ ಒಪ್ಪಿಸುತ್ತಾನೆ, ಕೆಲವೊಮ್ಮೆ ಪುಸ್ತಕದ ಬೇರೆ ಪುಟ ತೆರೆದಿಟ್ಟುಕೊಂಡೇ! ಪಾಠ ಬಾಯಿಪಾಠವಾಗಿದೆ, ಓದು ಬಂದಿಲ್ಲ.

ಇಂಥ ತಪ್ಪುಗಳನ್ನು ಕಲಿಯುವ ಹಂತದಲ್ಲಿ ಎಲ್ಲ ಮಕ್ಕಳೂ ಮಾಡುತ್ತಾರೆ. ಕನ್ನಡದ ಕಾಗುಣಿತವೊಂದೇ ನಾನೂರು ಅಕ್ಷರ ಮೀರುತ್ತದೆ, ಅದರ ಮೇಲೆ ಒತ್ತಕ್ಷರಗಳು. ಇವೆಲ್ಲ ಪೂರ್ತಿ ಕೈವಶವಾಗಲು ನಾಲ್ಕನೇ ತರಗತಿಯವರೆಗೂ ಸಮಯ ಹಿಡಿಯುವುದುಂಟು ಎಂಬುದನ್ನು ಸೊನಾಲಿ ನಾಗ್ ಕನ್ನಡ ಶಾಲೆಗಳ ಮಕ್ಕಳ ಅಧ್ಯಯನದಲ್ಲಿ ತೋರಿಸಿದ್ದಾರೆ. ಹಾಗಾಗಿ ‘ನಿಧಾನ, ಬಂದೀತು’ ಎಂಬ ಸಮಾಧಾನ ನಮ್ಮಲ್ಲಿ ಸುಲಭ. ತೊಡಕಿರುವ ಮಗು ಆ ಸಮಾಧಾನದ ಮರೆಯಲ್ಲೇ ಮೂರು ವರ್ಷ ಕಳೆದುಬಿಡುತ್ತದೆ.

ಬೇರ್ಪಡಿಸಿ ನೋಡಲು ಪುಸ್ತಕ ಮುಚ್ಚಿ ಕಿವಿಯ ಕೆಲಸ ಕೊಡಬೇಕು. ‘ಕಮಲ’ದಲ್ಲಿ ‘ಮ’ ತೆಗೆದರೆ ಏನುಳಿಯಿತು? ‘ಬಿಸಿ’, ‘ಹಸಿ’, ‘ಮರ’ – ಇವುಗಳಲ್ಲಿ ಯಾವುದು ಗುಂಪಿಗೆ ಸೇರದ್ದು? ಆಮೇಲೆ ಅರ್ಥವೇ ಇಲ್ಲದ ಪದವೊಂದನ್ನು, ‘ನೋಗಿಟ’ ಅಂತಿಟ್ಟುಕೊಳ್ಳಿ, ಬರೆದು ಓದಿಸಬೇಕು. ಇಲ್ಲಿ ನೆನಪೂ ನೆರವಿಗಿಲ್ಲ, ಊಹೆಯೂ ನಡೆಯುವುದಿಲ್ಲ. ಪರಿಚಿತ ಚಿತ್ರಗಳ ಸಾಲನ್ನು ಬೇಗಬೇಗ ಹೆಸರಿಸಲು ಹೇಳಿದಾಗ ತಡವರಿಸುವುದು ಇನ್ನೊಂದು ಸುಳಿವು. ನಮ್ಮ ಹುಡುಗ ಇವೆಲ್ಲದರಲ್ಲೂ ಸಹಪಾಠಿಗಳಿಗಿಂತ ಬಹಳ ಹಿಂದುಳಿದರೆ ಅನುಮಾನ ಗಟ್ಟಿಯಾಗುತ್ತದೆ.

ಮಿದುಳಿನಲ್ಲಿ ಓದಿಗೆಂದೇ ಹುಟ್ಟಿನಿಂದ ಬಂದ ಭಾಗವಿಲ್ಲ. ಮಾತು ಮತ್ತು ನೋಟಕ್ಕೆ ಇರುವ ಭಾಗಗಳೇ ಕಲಿಕೆಯಿಂದ ಒಂದು ಜಾಲವಾಗುತ್ತವೆ. ಎಡಗಿವಿಯ ಮೇಲೆ, ಸ್ವಲ್ಪ ಹಿಂದಕ್ಕೆ ಇರುವ ಭಾಗ ಅಕ್ಷರವನ್ನು ದನಿಗೆ ಬೆಸೆಯುತ್ತದೆ. ಎಡಬದಿಯ ತಳದಲ್ಲಿ ಹಿಂದಿರುವ ಭಾಗ ಅಭ್ಯಾಸವಾದಂತೆ ಪದವನ್ನು ಒಂದೇ ನೋಟಕ್ಕೆ ಗುರುತಿಸತೊಡಗುತ್ತದೆ. ಡಿಸ್ಲೆಕ್ಸಿಯಾ ಇರುವವರಲ್ಲಿ ಈ ಎರಡೂ ಕಡೆ ಚಟುವಟಿಕೆ ಕಡಿಮೆ ಎಂಬುದು ಸ್ಕ್ಯಾನುಗಳಲ್ಲಿ ಮತ್ತೆ ಮತ್ತೆ ಕಂಡಿದೆ. 2001ರಲ್ಲಿ ಪೌಲೆಸು ಮತ್ತು ಸಂಗಡಿಗರು ಇಟಲಿ, ಫ್ರಾನ್ಸ್, ಬ್ರಿಟನ್ನಿನ ಡಿಸ್ಲೆಕ್ಸಿಯಾ ಇರುವವರನ್ನು ಹೋಲಿಸಿದರು. ಬರೆದಂತೆ ಓದುವ ಇಟಾಲಿಯನ್ ಭಾಷೆಯವರು ಉಳಿದವರಿಗಿಂತ ಚೆನ್ನಾಗಿ ಓದಿದರು. ಆದರೂ ದನಿಯ ಪರೀಕ್ಷೆಗಳಲ್ಲಿ ಮೂವರೂ ಸೋತರು, ಮಿದುಳಿನಲ್ಲೂ ಎಡಬದಿಯ ಅದೇ ಕೊರತೆ ಕಂಡಿತು. ಕನ್ನಡಿಗರಾದ ನಾವು ಇದನ್ನು ಗಮನಿಸಬೇಕು. ನಮ್ಮದೂ ಬಹುಮಟ್ಟಿಗೆ ಬರೆದಂತೆ ಓದುವ ಲಿಪಿ, ಹೀಗಾಗಿ ತೊಡಕಿರುವ ಮಗು ತಪ್ಪಿಲ್ಲದೆ, ಆದರೆ ತೆವಳುತ್ತಾ ಓದಬಹುದು. ತಪ್ಪನ್ನಷ್ಟೇ ಎಣಿಸುವ ಪರೀಕ್ಷೆಗೆ ಅದು ಸಿಗುವುದೇ ಇಲ್ಲ, ವೇಗವನ್ನೂ ಅಳೆಯಬೇಕು.

ಹಾಗೆಂದು ಸ್ಕ್ಯಾನ್ ಮಾಡಿಸಲು ಓಡಬೇಕಿಲ್ಲ. ಈ ವ್ಯತ್ಯಾಸಗಳು ಗುಂಪಿನ ಸರಾಸರಿಯಲ್ಲಿ ಕಾಣುವಂಥವು, ಒಂದೊಂದು ಮಗುವಿನ ತೀರ್ಮಾನಕ್ಕೆ ಒದಗುವುದಿಲ್ಲ. ಅದಕ್ಕೆ ಶಿಕ್ಷಕರ ಗಮನವೇ ಮೇಲು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ‘ಡಾಲಿ’ ಎಂಬ ಸಾಧನ ಕನ್ನಡದಲ್ಲೂ ಇದೆ. ಒಂದು–ಎರಡನೇ ತರಗತಿಗೆ ಒಂದು, ಮೂರರಿಂದ ಐದಕ್ಕೆ ಇನ್ನೊಂದು ಪ್ರಶ್ನಾವಳಿಯನ್ನು ಮಗುವನ್ನು ಬಲ್ಲ ಶಿಕ್ಷಕರೇ ತುಂಬುತ್ತಾರೆ.

ಅದರಲ್ಲಿ ಸಿಕ್ಕಿಬಿದ್ದ ಮಾತ್ರಕ್ಕೆ ಡಿಸ್ಲೆಕ್ಸಿಯಾ ಎನ್ನುವಂತಿಲ್ಲ. ಮೊದಲು ಕಣ್ಣು, ಕಿವಿಯ ತಪಾಸಣೆಯಾಗಬೇಕು. ಮನೆಯಲ್ಲಿ ಉರ್ದುವೋ ತೆಲುಗೋ ಆಡುವ ಮಗು ಕನ್ನಡದಲ್ಲಿ ತಡವರಿಸುವುದು ಬೇರೆ ಮಾತು. ಶಾಲೆಗೆ ಸರಿಯಾಗಿ ಬರದ, ಸರಿಯಾಗಿ ಕಲಿಸದ ಮಗುವಿನ ಕತೆಯೂ ಬೇರೆ. ಇವನ್ನೆಲ್ಲ ಕಳೆದು, ಕೆಲವು ತಿಂಗಳು ಬೇರೆಯಾಗಿ ಕಲಿಸಿಯೂ ಮಗು ಮುಂದೆ ಹೋಗದಿದ್ದರೆ ತಜ್ಞರ ಪರೀಕ್ಷೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಸಿಗುವುದು ಸಾಮಾನ್ಯವಾಗಿ ಎಂಟು ವರ್ಷದ ನಂತರ. ‘ಶಕ್ತಿ’ಯನ್ನು ಶ, ಕ್, ತಿ ಎಂದು ಬಿಡಿಸಿ, ಬೆರಳಲ್ಲಿ ಎಣಿಸಿ, ಮತ್ತೆ ಕೂಡಿಸಿ ಹೇಳುವ ದಿನದ ಹತ್ತು ಹದಿನೈದು ನಿಮಿಷದ ಪಾಠಕ್ಕೆ ಯಾವ ಪತ್ರವೂ ಬೇಕಿಲ್ಲ, ಅದನ್ನು ಒಂದನೇ ತರಗತಿಯಲ್ಲೇ ಶುರುಮಾಡಬಹುದು.