ಚಟ್ನಿ ಪುಡಿ ಮಾಡುವವರಿಗೆ ಬರೆಯುವ ಇಮೇಲ್

ಧಾರವಾಡದಲ್ಲಿ ಶೇಂಗಾ ಚಟ್ನಿ ಪುಡಿ ಮಾಡಿ ಮಾರುವ ಮಹಿಳೆಯೊಬ್ಬರಿದ್ದಾರೆ ಎಂದುಕೊಳ್ಳಿ. ಶೇಂಗಾ ಹುರಿಸುವುದರಿಂದ ಹಿಡಿದು ಅಂಗಡಿಗಳ ಬಾಕಿ ವಸೂಲಿಯವರೆಗೆ ಎಲ್ಲವೂ ಅವರ ತಲೆಯ ಮೇಲೆಯೇ. ಇಮೇಲ್ ನೋಡುವುದು ರಾತ್ರಿ ಊಟವಾದ ಮೇಲೆ, ಮೊಬೈಲಿನಲ್ಲಿ. ಬೆಂಗಳೂರಿನ ಪೀಣ್ಯದಲ್ಲಿ ಪ್ಯಾಕಿಂಗ್ ಪೌಚ್ ಮಾಡುವ ಸಣ್ಣ ಉದ್ಯಮಿಯೊಬ್ಬರು ಇವರಿಗೆ ಪೌಚ್ ಮಾರಬೇಕೆಂದರೆ ಏನು ಬರೆಯಬೇಕು?

ಇಂಥವರಿಗೆ ಸಾಮಾನ್ಯವಾಗಿ ಬರುವ ಪತ್ರ ಕಂಪನಿಯ ಹಿರಿಮೆಯಿಂದ ಶುರುವಾಗಿ, ದೊಡ್ಡ ಕ್ಯಾಟಲಾಗ್ ಲಗತ್ತಿಸಿ, 'ಈ ವಾರ ಯಾವಾಗ ಮಾತಾಡೋಣ?' ಎಂದು ಮುಗಿಯುತ್ತದೆ. ಅಗರಬತ್ತಿ ಮಾಡುವವರಿಗೂ ಅದನ್ನೇ ಕಳಿಸಬಹುದು. ಹಾಗೆ ಯಾರಿಗೆ ಬೇಕಾದರೂ ಹೊಂದುವ ಪತ್ರವನ್ನು ಕಳಿಸದಿರುವುದೇ ಒಳ್ಳೆಯದು.

ಒಳ್ಳೆಯ ಪತ್ರದ ಕೆಲಸ ಅಂಗಡಿಯಲ್ಲಿ ಶುರುವಾಗುತ್ತದೆ. ಆ ಪುಡಿಯ ಒಂದು ಪ್ಯಾಕೆಟ್ ಕೊಂಡು, ಕೈಯಲ್ಲಿ ತಿರುಗಿಸಿ ನೋಡಿದ ಮೇಲೆ ಹೀಗೆ ಬರೆಯಬಹುದು:

ವಿಷಯ: ಚಟ್ನಿ ಪುಡಿ ಪ್ಯಾಕೆಟ್ ಮೇಲಿನ ಎಣ್ಣೆ ಕಲೆ

ನಮಸ್ಕಾರ ಮೇಡಂ,

ಹೋದ ವಾರ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ನಿಮ್ಮ ಶೇಂಗಾ ಚಟ್ನಿ ಪುಡಿಯ 200 ಗ್ರಾಂ ಪ್ಯಾಕೆಟ್ ಕೊಂಡೆ. ಸೀಲ್ ಹತ್ತಿರ ಪೇಪರಿಗೆ ಎಣ್ಣೆ ಇಳಿದಿತ್ತು. ಅಲ್ಲಿದ್ದ ಇನ್ನೆರಡು ಪ್ಯಾಕೆಟ್‌ಗಳಲ್ಲೂ ಹಾಗೇ ಇತ್ತು.

ನಾನು ಪೀಣ್ಯದಲ್ಲಿ ಎಣ್ಣೆ ಅಂಶವಿರುವ ಪುಡಿಗಳಿಗೆ ಪೌಚ್ ಮಾಡಿಕೊಡುತ್ತೇನೆ. ಪ್ರಿಂಟ್ ಇರುವುದಿಲ್ಲ, ನಿಮ್ಮ ಈಗಿನ ಲೇಬಲ್ಲನ್ನೇ ಅಂಟಿಸಬಹುದು. 500 ಪೌಚ್ ಬೇಕೆಂದರೂ ಕೊಡುತ್ತೇನೆ.

ಹತ್ತು ಖಾಲಿ ಪೌಚ್ ಕಳಿಸಲೇ? ಪುಡಿ ತುಂಬಿ ಹದಿನೈದು ದಿನ ಇಟ್ಟು ನೋಡಿ, ದುಡ್ಡು ಬೇಡ. ಆಸಕ್ತಿ ಇಲ್ಲದಿದ್ದರೆ 'ಬೇಡ' ಎಂದರೆ ಸಾಕು, ಮತ್ತೆ ಬರೆಯುವುದಿಲ್ಲ.

ಕೆಳಗೆ ಹೆಸರು, ವಿಳಾಸ, ಫೋನ್ ನಂಬರ್. ಅಷ್ಟೇ. ಮೊಬೈಲಿನಲ್ಲಿ ಒಮ್ಮೆ ಬೆರಳಾಡಿಸುವಷ್ಟರಲ್ಲಿ ಓದಿ ಮುಗಿಯುತ್ತದೆ.

'500 ಪೌಚ್' ಎಂಬ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ಪೌಚಿನ ಮೇಲೆ ಬಣ್ಣದ ಮುದ್ರಣ ಬೇಕೆಂದರೆ ಗ್ರಾವ್ಯೂರ್ ವಿಧಾನದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೆತ್ತಿಸಬೇಕು. ಆ ಖರ್ಚು ಗಿಟ್ಟಬೇಕಾದರೆ ಸಾವಿರಾರು ಪೌಚ್ ಒಟ್ಟಿಗೆ ಮಾಡಿಸಬೇಕು. ಮುಂದೆ ತೂಕವೋ ವಿಳಾಸವೋ ಬದಲಾದರೆ ಉಳಿದ ದಾಸ್ತಾನು ದಂಡ. ಸಣ್ಣ ಉದ್ಯಮದವರು ಪ್ಯಾಕಿಂಗ್ ಬದಲಿಸಲು ಹಿಂಜರಿಯುವುದು ಹೆಚ್ಚಾಗಿ ಇಂಥ ಲೆಕ್ಕಕ್ಕೇ. ಆ ಭಯಕ್ಕೆ ಪತ್ರದ ಒಂದೇ ಸಾಲಿನಲ್ಲಿ ಉತ್ತರವಿದೆ.

ಇನ್ನೊಂದನ್ನು ಗಮನಿಸಿ: ಪತ್ರ ಎಲ್ಲಿಯೂ 'ನಿಮ್ಮ ಸಮಸ್ಯೆ ಬಗೆಹರಿಸುತ್ತೇವೆ' ಎನ್ನುವುದಿಲ್ಲ. ಎಣ್ಣೆ ಇಳಿಯಲು ಒಳಗಿನ ಪ್ಲಾಸ್ಟಿಕ್ ಪದರ ತೆಳುವಾಗಿರುವುದು ಕಾರಣವಿರಬಹುದು. ಅಥವಾ ತುಂಬುವಾಗ ಪುಡಿ ಬಾಯಿಯ ಒಳಭಾಗಕ್ಕೆ ಅಂಟಿಕೊಂಡು, ಅದರ ಮೇಲೆಯೇ ಸೀಲ್ ಒತ್ತಿರಬಹುದು. ಎರಡನೆಯದಾದರೆ ಎಂಥ ಪೌಚ್ ಕೊಟ್ಟರೂ ಸೋರುತ್ತದೆ, ಉದ್ದ ಕೊಳವೆಯ ಆಲಿಕೆಯಲ್ಲಿ ತುಂಬಿ, ಬಾಯಿ ಒರೆಸಿ ಸೀಲ್ ಮಾಡುವುದೇ ಪರಿಹಾರ. ಹೊರಗಿನಿಂದ ನೋಡಿದವರಿಗೆ ಇದು ಖಚಿತವಾಗುವುದಿಲ್ಲ. ಆದ್ದರಿಂದಲೇ ಹತ್ತು ಪೌಚಿನ ಪರೀಕ್ಷೆ. ಅದರಲ್ಲಿ ತಿಳಿಯಬೇಕಾದದ್ದು ಇಬ್ಬರಿಗೂ ಇದೆ, ಹಾಗಾಗಿ ಆ ಕೋರಿಕೆ ಒತ್ತಾಯ ಎನಿಸುವುದಿಲ್ಲ.

ಇಂಥ ಪತ್ರ ಕೆಡುವುದು ಸುಳ್ಳು ಹೊಕ್ಕಾಗ. ಪ್ಯಾಕೆಟ್ ಕೊಳ್ಳದೆ 'ಕೊಂಡೆ' ಎಂದರೆ 'ಯಾವ ಅಂಗಡಿಯಲ್ಲಿ?' ಎಂಬ ಮರುಪ್ರಶ್ನೆಗೇ ಬಣ್ಣ ಬಯಲು. ವಿಷಯದ ಸಾಲಿನಲ್ಲಿ 'ನಿಮ್ಮ ಆರ್ಡರ್ ಬಗ್ಗೆ' ಎಂದು ಬರೆದು ತೆರೆಸುವುದೂ ಇದೇ ಜಾತಿಯದು. ಮೊದಲ ಪತ್ರಕ್ಕೇ ಲಗತ್ತು ಸೇರಿಸಬೇಡಿ. ಗುರುತಿಲ್ಲದವರ ಫೈಲ್ ತೆರೆಯಲು ಜನ ಹೆದರುತ್ತಾರೆ, ಹೆದರುವುದು ಸರಿಯೂ ಹೌದು.

ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು, ಅದೇ ಪತ್ರದ ಕೆಳಗೆ ಒಮ್ಮೆ ಬರೆಯಬಹುದು. ಅದರಲ್ಲಿ ಹೊಸದೇನಾದರೂ ಇರಲಿ: ಅದೇ ಪುಡಿಯನ್ನು ತಮ್ಮ ಪೌಚಿನಲ್ಲಿ ತುಂಬಿಟ್ಟು ಕಂಡದ್ದನ್ನು ಎರಡು ಸಾಲಿನಲ್ಲಿ ಹೇಳಬಹುದು. 'ನನ್ನ ಪತ್ರ ನೋಡಿದಿರಾ?' ಎಂದಷ್ಟೇ ಕೇಳಿದರೆ ಅದು ತಗಾದೆಯಾಗುತ್ತದೆ. ಆಮೇಲೆ ನಿಲ್ಲಿಸಿಬಿಡಬೇಕು. ಬೇಸತ್ತವರು ಪತ್ರವನ್ನು 'ಸ್ಪ್ಯಾಮ್' ಎಂದು ಗುರುತಿಸಿದರೆ ಮುಂದೆ ಬೇರೆಯವರಿಗೆ ಕಳಿಸಿದ್ದೂ ಇನ್‌ಬಾಕ್ಸ್ ತಲುಪದೆ ಹೋಗಬಹುದು. ಭಾರಿ ಸಂಖ್ಯೆಯಲ್ಲಿ ಮೇಲ್ ಕಳಿಸುವವರಿಗೆ ಜಿಮೇಲ್ 2024ರ ಫೆಬ್ರವರಿಯಿಂದ ಇಟ್ಟಿರುವ ಮಿತಿಯೇ ಶೇ. 0.3, ಎಂದರೆ ಸಾವಿರ ಮೇಲಿಗೆ ಮೂರು ದೂರು.

'ಕಳಿಸಿ, ರೇಟ್ ಎಷ್ಟು?' ಎಂದು ಧಾರವಾಡದಿಂದ ಉತ್ತರ ಬಂದರೆ, 'ಫೋನಿನಲ್ಲಿ ಮಾತಾಡೋಣ' ಎನ್ನದೆ ಒಂದು ಪೌಚಿನ ಬೆಲೆ, ಜಿಎಸ್‌ಟಿ, ಲಾರಿ ಬಾಡಿಗೆ, ತಲುಪುವ ದಿನ ಇಷ್ಟನ್ನೂ ಆ ಉತ್ತರದಲ್ಲೇ ಬರೆಯಬೇಕು. ಪೌಚುಗಳ ಜೊತೆಗೆ, ಬಾಯಿ ಒರೆಸಿ ಸೀಲ್ ಮಾಡಿ ಎಂಬ ಚೀಟಿಯನ್ನೂ ಇಡಬೇಕು. ಕಲೆ ಹೋದದ್ದು ಆ ಚೀಟಿಯಿಂದಲೇ ಎಂದಾದರೆ, ಹಳೆಯ ಪೌಚನ್ನೇ ಮುಂದುವರಿಸಿ ಎಂದು ಹೇಳುವಷ್ಟು ನಿಯತ್ತು ಮಾರುವವರಲ್ಲಿರಬೇಕು.