ಸಭೆಗೆ ಹೋಗದೆ ಸಹಕರಿಸುವ ಬಗೆ

ಈಚೆಗೆ ನಮ್ಮ ಬಡಾವಣೆಯ ವಾಚನಾಲಯದ ಕಾರ್ಯದರ್ಶಿಗಳಿಂದ ಈಮೇಲಿನಲ್ಲಿ ಕರೆಯೊಂದು ಬಂದಿತು. ತರಿಸಬೇಕಾದ ಪತ್ರಿಕೆಗಳನ್ನು ನಿಶ್ಚಯಿಸಲು ಭಾನುವಾರ ಎರಡು ಗಂಟೆಗಳ ಸಭೆಯಂತೆ. ಮನೆಯಲ್ಲಿ ರೋಗಿಯ ಶುಶ್ರೂಷೆಯಿದ್ದುದರಿಂದ ನಾವು ಹೋಗುವಂತಿರಲಿಲ್ಲ. ಆದರೆ ಬರಲಾರೆವೆಂದಷ್ಟೇ ಬರೆದರೆ ಭಾರವೆಲ್ಲವೂ ಅವರ ಮೇಲೆಯೇ ಉಳಿಯುವುದಷ್ಟೆ! ಆದುದರಿಂದ ಹೀಗೆ ಉತ್ತರಿಸಿದೆವು:

“ತಮ್ಮ ಕರೆಗೆ ಕೃತಜ್ಞರು. ಅಂದು ಬರಲು ಅನುಕೂಲವಿಲ್ಲ, ಕ್ಷಮಿಸಬೇಕು. ಪತ್ರಿಕೆಗಳ ಪಟ್ಟಿಯನ್ನು ಚಂದಾ ಸಹಿತ ಇಂದೇ ಸದಸ್ಯರೆಲ್ಲರಿಗೂ ಕಳುಹಿಸುತ್ತೇವೆ. ಗುರುವಾರ ಸಂಜೆಯೊಳಗೆ ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯವನ್ನು ಎಲ್ಲರಿಗೂ ಕಾಣುವಂತೆ ಬರೆಯಲಿ. ಶುಕ್ರವಾರ ತಾವು ನಿರ್ಣಯವನ್ನು ತಿಳಿಸಬಹುದು. ವಿವಾದವುಳಿದರೆ ಅದೊಂದಕ್ಕಾಗಿ ಕಾಲು ಗಂಟೆ ದೂರವಾಣಿಯಲ್ಲಿ ಮಾತನಾಡೋಣ.”

ಗಡುವೂ ನಿರ್ಣಯಿಸುವವರು ಯಾರೆಂಬುದೂ ಇಲ್ಲದ ಪತ್ರವ್ಯವಹಾರವು ಕೊನೆಗಾಣದು. ಗುರುವಾರ ಕಳೆದರೂ ಇಬ್ಬರು ಬರೆದಿರಲಿಲ್ಲ. ಕಾರ್ಯದರ್ಶಿಗಳು ಆ ಮೌನವನ್ನು ಸಮ್ಮತಿಯೆಂದೆಣಿಸದೆ ಅವರನ್ನು ಕೇಳಿದರು. ಒಬ್ಬರ ಆಕ್ಷೇಪದಿಂದ ಪಟ್ಟಿಯೇ ತಿದ್ದಲ್ಪಟ್ಟಿತು. ಸಭೆಗಳಲ್ಲಿ ಎಂದೂ ಬಾಯಿ ತೆರೆಯದ ತಾಯಿಯೊಬ್ಬರು ಮಕ್ಕಳ ಪತ್ರಿಕೆಯೊಂದನ್ನು ಸಕಾರಣವಾಗಿ ಸೂಚಿಸಿ ಬರೆದಿದ್ದರು, ಅದೂ ಸೇರಿತು.

ಆದರೆ ಮನಸ್ತಾಪದ ವಿಷಯಕ್ಕೆ ಈ ಮಾರ್ಗವು ಸಲ್ಲದು. ಬರೆದ ಮಾತಿನಲ್ಲಿ ಧ್ವನಿಯ ಮೃದುತ್ವವು ಕಾಣದು. ಅಲ್ಲಿ ಎದುರುಬದುರಾಗಿ ಕುಳಿತು ಮಾತನಾಡುವುದೇ ಲೇಸು.