ಆಣೆಕಲ್ಲಿನ ಏಟು ಮತ್ತು ಪತ್ರಾಸಿನ ದಪ್ಪ

ಹುಬ್ಬಳ್ಳಿ-ಧಾರವಾಡದಲ್ಲಿ ಆಣೆಕಲ್ಲು ಬೀಳುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಜೊತೆಗೆ. ಗೋಕುಲ ರಸ್ತೆ, ತಾರಿಹಾಳದ ಕೈಗಾರಿಕಾ ಶೆಡ್ಡುಗಳಿಂದ ಹಿಡಿದು ಮನೆಯ ಮಾಳಿಗೆಯ ಮೇಲೆ ಹೊದಿಸಿದ ಪತ್ರಾಸಿನವರೆಗೆ ಎಲ್ಲ ತಗಡಿನ ಚಾವಣಿಗಳೂ ಆ ಏಟಿಗೆ ಮೈಯೊಡ್ಡುತ್ತವೆ. ಕೆಲವು ತಗಡುಗಳಿಗೆ ಏನೂ ಆಗುವುದಿಲ್ಲ, ಕೆಲವು ಮೈತುಂಬ ನೆಗ್ಗುತ್ತವೆ. ಪಕ್ಕದ ಸಿಮೆಂಟ್ ಶೀಟು ಬಿರುಕುಬಿಟ್ಟು ಸೋರತೊಡಗುತ್ತದೆ.

ಏಟಿನ ಬಲ ಕಲ್ಲಿನ ಗಾತ್ರದೊಂದಿಗೆ ಬಹಳ ಬೇಗ ಏರುತ್ತದೆ. ನೆಲ್ಲಿಕಾಯಿಯಷ್ಟು, ಅಂದರೆ ಸುಮಾರು 25 ಮಿ.ಮೀ. ವ್ಯಾಸದ ಕಲ್ಲು ಏಳೆಂಟು ಗ್ರಾಂ ತೂಗುತ್ತದೆ. ಗಂಟೆಗೆ 75–80 ಕಿ.ಮೀ. ವೇಗದಲ್ಲಿ ಬೀಳುತ್ತದೆ. ಅದರ ಏಟು ಸುಮಾರು 2 ಜೌಲ್, ಒಂದು ಕಿಲೋ ಭಾರವನ್ನು ಒಂದು ಗೇಣು ಎತ್ತರದಿಂದ ಬಿಟ್ಟಷ್ಟು. ವ್ಯಾಸ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ, ವೇಗವೂ ಹೆಚ್ಚುತ್ತದೆ. ಹೀಗಾಗಿ 50 ಮಿ.ಮೀ. ಕಲ್ಲಿನ ಏಟು ಸುಮಾರು 30 ಜೌಲ್ ಮುಟ್ಟುತ್ತದೆ, ಅದೇ ಒಂದು ಕಿಲೋ ಭಾರವನ್ನು ಹತ್ತು ಅಡಿ ಮೇಲಿನಿಂದ ಬಿಟ್ಟಷ್ಟು.

ತಗಡು ನೆಗ್ಗುವುದು ಬೇರೆ, ತೂತಾಗುವುದು ಬೇರೆ. ಚಾವಣಿಯ ಏಟು ತಾಳಿಕೆಗೆ ಅಮೆರಿಕದಲ್ಲಿ ಬಳಸುವ ಯುಎಲ್ 2218 ಪರೀಕ್ಷೆಯ ಮೇಲಿನ ದರ್ಜೆಯಲ್ಲಿ ಎರಡು ಇಂಚಿನ ಉಕ್ಕಿನ ಗುಂಡನ್ನು 20 ಅಡಿ ಎತ್ತರದಿಂದ ಒಂದೇ ಜಾಗದ ಮೇಲೆ ಎರಡು ಸಲ ಬಿಡುತ್ತಾರೆ. ಹಾಳೆ ಹರಿಯದಿದ್ದರೆ, ಬಿರಿಯದಿದ್ದರೆ ಪಾಸು. ಬಿದ್ದ ನೆಗ್ಗನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಕ್ಕು ಬಗ್ಗುವ ಲೋಹವಾದ್ದರಿಂದ ಉಕ್ಕಿನ ತಗಡು ಈ ಪರೀಕ್ಷೆಯನ್ನು ದಾಟುವುದು ಸಾಮಾನ್ಯ. ‘ಆಣೆಕಲ್ಲು ತಡೆಯುತ್ತದೆ’ ಎಂಬ ಭರವಸೆ ಸೋರುವುದಿಲ್ಲ ಎಂಬುದಕ್ಕೆ ಮಾತ್ರ; ನೆಗ್ಗುವುದಿಲ್ಲ ಎಂಬುದಕ್ಕಲ್ಲ.

ನೆಗ್ಗದಿರುವ ಗುಣವನ್ನು ನಿರ್ಧರಿಸುವುದು ಎರಡು ಸಂಗತಿ: ಉಕ್ಕಿನ ದಪ್ಪ ಮತ್ತು ಗಡಸುತನ. ದಪ್ಪದ ಪರಿಣಾಮ ಹೆಚ್ಚುಕಡಿಮೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ಅಂಗಡಿಯಲ್ಲಿ ಹೇಳುವ ದಪ್ಪದಲ್ಲಿ ಸಾಮಾನ್ಯವಾಗಿ ಲೇಪ, ಬಣ್ಣ ಎರಡೂ ಸೇರಿರುತ್ತವೆ ಎಂಬುದನ್ನು ಕೊಳ್ಳುವವರು ಮರೆಯಬಾರದು. ಚದರ ಮೀಟರಿಗೆ 150 ಗ್ರಾಂ ಸತು-ಅಲ್ಯೂಮಿನಿಯಂ ಲೇಪವಿರುವ ಬಣ್ಣದ ಶೀಟಿನಲ್ಲಿ ಇವೆರಡೇ ಸುಮಾರು 0.075 ಮಿ.ಮೀ. ತಿನ್ನುತ್ತವೆ. 0.50 ಎಂದು ಮಾರುವ ಶೀಟಿನಲ್ಲಿ ಉಕ್ಕು 0.425 ಇದ್ದರೆ, 0.35ರದರಲ್ಲಿ ಉಳಿಯುವುದು 0.275 ಮಾತ್ರ. ಉಕ್ಕು ಒಂದೇ ಬಗೆಯದಾದರೆ ಮೊದಲನೆಯದು ಎರಡು ಪಟ್ಟಿಗಿಂತ ಹೆಚ್ಚು ತಾಳುತ್ತದೆ.

ಶೀಟಿನಲ್ಲಿ ಉಕ್ಕು ಎಷ್ಟಿದೆ ಎಂಬುದನ್ನು ತಕ್ಕಡಿಯಲ್ಲಿ ಪರೀಕ್ಷಿಸಬಹುದು. ನಾಲ್ಕು ಅಡಿ ಅಗಲದ ಸಪಾಟು ಹಾಳೆಯನ್ನು ಮಡಿಚಿ ಮಾಡಿದ 12 ಅಡಿ ಉದ್ದದ ಶೀಟು, 0.50ರದಾದರೆ ಹದಿನೈದೂವರೆಯಿಂದ ಹದಿನಾರು ಕಿಲೋ ತೂಗಬೇಕು, 0.35ರದು ಹತ್ತೂವರೆಯ ಆಸುಪಾಸು. ದಪ್ಪದ ಶೀಟಿನ ದುಡ್ಡು ಕೊಟ್ಟವರಿಗೆ ಹದಿಮೂರು ಕಿಲೋದ ಶೀಟು ಬಂದಿದ್ದರೆ ಉಕ್ಕು ಕಡಿಮೆ ಎಂದೇ ಅರ್ಥ.

ಗಡಸುತನದ ಲೆಕ್ಕ ಬೇರೆ. ಮಾಮೂಲಿ ಉಕ್ಕಿನ ಬಗ್ಗುವ ಮಿತಿ ಸುಮಾರು 250 ಮೆಗಾಪ್ಯಾಸ್ಕಲ್; ಹೆಚ್ಚಿನ ಬಲದ ಚಾವಣಿ ಉಕ್ಕಿನದು 550. ಹೀಗಾಗಿ 0.32 ಮಿ.ಮೀ. ಗಡಸು ಹಾಳೆ ನೆಗ್ಗುವ ವಿಷಯದಲ್ಲಿ 0.45ರ ಮಾಮೂಲಿ ಹಾಳೆಗೆ ಸಮನಾಗಿ ನಿಲ್ಲಬಲ್ಲದು. ಆದರೆ ತೆಳು ಹಾಳೆಗೆ ಬೇರೆ ಕಷ್ಟಗಳಿವೆ: ಮೇಲೆ ಹತ್ತಿದವರ ಕಾಲಡಿ ಕುಸಿಯುತ್ತದೆ, ಬಿರುಗಾಳಿಯಲ್ಲಿ ಸ್ಕ್ರೂ ತಲೆಯ ಸುತ್ತ ಹರಿಯುತ್ತದೆ. ಆಣೆಕಲ್ಲಿನ ಮಳೆ ಗಾಳಿ ಇಲ್ಲದೆ ಬರುವುದು ಅಪರೂಪವಾದ್ದರಿಂದ ಈ ಭಾಗದಲ್ಲಿ ದಪ್ಪವನ್ನು ಬಿಟ್ಟುಕೊಡದಿರುವುದೇ ಒಳಿತು. ಅಲ್ಯೂಮಿನಿಯಂ ತುಕ್ಕಿಗೆ ಒಳ್ಳೆಯದು, ಏಟಿಗೆ ಮೆತ್ತಗೆ. ಅದೇ ದಪ್ಪದ ಉಕ್ಕಿಗಿಂತ ಆಳವಾಗಿ ನೆಗ್ಗುತ್ತದೆ.

ಸಿಮೆಂಟ್ ಶೀಟು ಬಗ್ಗುವುದಿಲ್ಲ, ನೇರವಾಗಿ ಸೀಳುತ್ತದೆ. ಹಳೆಯದಾದಂತೆ ಅದರ ಪೆಡಸುತನ ಹೆಚ್ಚುತ್ತದೆ. ಅದರಲ್ಲಿ ಕಲ್ನಾರು ಇದ್ದರೆ ಒಡೆದ ಚೂರುಗಳನ್ನು ಒಣಕಲು ಪೊರಕೆಯಿಂದ ಗುಡಿಸಬಾರದು. ನೀರು ಚಿಮುಕಿಸಿ, ಒದ್ದೆಯಾಗಿಯೇ ಎತ್ತಬೇಕು. ಬೆಳಕಿಗಾಗಿ ನಡುವೆ ಹಾಕುವ ಪಾಲಿಕಾರ್ಬೊನೇಟ್ ಹೊಸದಿದ್ದಾಗ ಬಹಳ ಗಟ್ಟಿ. ಬಿಸಿಲಿನಿಂದ ಕಾಯುವ ಲೇಪ ಸಾಮಾನ್ಯವಾಗಿ ಒಂದೇ ಮಗ್ಗುಲಲ್ಲಿರುವುದರಿಂದ ತಿರುಗಿ ಹಾಕಿದರೆ ಕೆಲ ವರ್ಷಗಳಲ್ಲೇ ಹಳದಿಯಾಗಿ, ಕಲ್ಲು ಬಿದ್ದಾಗ ತೂತಾಗುತ್ತದೆ. ಫೈಬರ್ ಶೀಟಿನಲ್ಲೂ ಮೇಲ್ಮೈ ಸವೆದು ಎಳೆಗಳು ಕಾಣತೊಡಗಿದರೆ ಬದಲಾಯಿಸುವ ಹೊತ್ತಾಯಿತು.

ಮಳೆ ನಿಂತ ಮೇಲೆ ಉಕ್ಕಿನ ಚಾವಣಿಯಲ್ಲಿ ಮೊದಲು ನೋಡಬೇಕಾದದ್ದು ಹಾಳೆಗಳು ಒಂದರ ಮೇಲೊಂದು ಕೂರುವ ಅಂಚು. ಅಲ್ಲಿ ನೆಗ್ಗಿದ್ದರೆ ಸಂದು ಬಾಯಿಬಿಟ್ಟು ನೀರು ಒಳಗೆ ಬರುತ್ತದೆ. ಆಮೇಲೆ ಸ್ಕ್ರೂಗಳ ರಬ್ಬರ್ ವಾಷರು. ಏಣುಗಳ ನಡುವಿನ ಸಪಾಟು ಭಾಗದಲ್ಲಿ ನೆಗ್ಗು ಹೆಚ್ಚು ಕಂಡರೂ ಅಲ್ಲಿ ಸೋರುವ ಭಯ ಕಡಿಮೆ. ಭೂತಗನ್ನಡಿಯಿಂದ ನೋಡಿದಾಗ ನೆಗ್ಗಿನ ಅಂಚಿನಲ್ಲಿ ಬಣ್ಣ ಕೂದಲೆಳೆಯಷ್ಟು ಬಿರಿದಿದ್ದರೂ ಕೆಳಗಿನ ಸತುವಿನ ಲೇಪ ಸ್ವಲ್ಪ ಕಾಲ ಉಕ್ಕನ್ನು ಕಾಯುತ್ತದೆ. ಇಳಿಜಾರು ಕಡಿಮೆ ಇರುವ ಚಾವಣಿಯಲ್ಲಿ ಮಾತ್ರ ಆ ತಗ್ಗುಗಳಲ್ಲಿ ನೀರು, ಧೂಳು ನಿಂತು, ಮುಂದಿನ ಮಳೆಗಾಲಗಳಲ್ಲಿ ಕೆಂಪು ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.